ಮಹಿಳಾ ಬಜೆಟ್ ತಃಖ್ತೆಯಲ್ಲಿ ಯೋಜನೆಯ ಒಟ್ಟು ಅನುದಾನಕ್ಕಿಂತ ಮಹಿಳೆಯರ ಪಾಲೇ ಜಾಸ್ತಿ ಬರ್ತಿದೆ

ಕಾಳಿದಂಡೆ (ಕಾರವಾರ)

ಎಲ್ಲರಿಗೂ ನಮಸ್ಕಾರ. ನಾನು ಮೀನುಗಾರಿಕೆಗೆ ಸಂಬಂಧಪಟ್ಟ ಒಂದು ಕಚೇರಿಯಲ್ಲಿ ಕೇಸ್‌ವರ್ಕರ್. ಈ ಸಲ ಮಹಿಳಾ ಬಜೆಟ್ ತಃಖ್ತೆ ತಯಾರಿಸುವ ಕೆಲಸ ನನಗೆ ಬಂದಿದೆ. ಮೂರು ದಿನದಿಂದ ಒಂದೇ ಕಡೆ ಸಿಕ್ಕಿಕೊಂಡಿದ್ದೇನೆ.

ಎಕ್ಸೆಲ್‌ನಲ್ಲಿ ಎರಡು ಹಾಳೆ ಇವೆ. Sheet1ರಲ್ಲಿ ಎಲ್ಲ ಹೆಡ್‌ಗಳು ಮತ್ತು ಅವುಗಳ ಅನುದಾನ. Sheet2ರಲ್ಲಿ ನಾನು ಮಹಿಳಾ ಬಜೆಟ್‌ಗೆ ಗುರುತು ಹಾಕಿದ ಹೆಡ್‌ಗಳು ಮಾತ್ರ. ಅವುಗಳ ಮೊತ್ತವನ್ನು SUMIF ಹಾಕಿ Sheet1ರಿಂದ ತರುತ್ತೇನೆ.

ಒಂದು ಯೋಜನೆ ಪೂರ್ತಿ ಮಹಿಳೆಯರಿಗೇ ಇರುವುದು, ಹಾಗಾಗಿ ‘ಎ’ ವರ್ಗ. ಅದರಲ್ಲಿ ಮೂರು ಸಾಲು ಇವೆ. ಸಹಾಯಧನದ 106ರಲ್ಲಿ 60 ಲಕ್ಷ, 422ರಲ್ಲಿ 18 ಲಕ್ಷ, 423ರಲ್ಲಿ 12 ಲಕ್ಷ. ಒಟ್ಟು 90 ಲಕ್ಷ. ತಃಖ್ತೆಯಲ್ಲಿ ಮಾತ್ರ 120 ಲಕ್ಷ ಬರ್ತಿದೆ! ಪೈವಟ್ ಹಾಕಿ ನೋಡಿದರೆ ಸರಿಯಾಗಿ 90. ಹೋದ ವರ್ಷದ ಫೈಲಿನಲ್ಲಿ ಇದೇ ಸೂತ್ರ ಇತ್ತು, ಏನೂ ತೊಂದರೆ ಇರಲಿಲ್ಲ. ಈಗ ಏನಾಗಿರಬಹುದು?

ಗಂಗಾವಳಿ

ಒಂದೇ ಸಾಲು ಎರಡು ಸಲ ಬಂದಿರುತ್ತದೆ ಮೇಡಂ. ನಮ್ಮಲ್ಲೂ ಹೀಗೇ ಆಗಿತ್ತು. ತಾಲ್ಲೂಕುಗಳಿಂದ ಬಂದದ್ದನ್ನು ಅಂಟಿಸುವಾಗ ಎರಡು ಸಾಲು ಮರುಕಳಿಸಿತ್ತು. ಹೆಡ್ ಪ್ರಕಾರ ಜೋಡಿಸಿ ಒಮ್ಮೆ ಕಣ್ಣು ಹಾಯಿಸಿ, ಸಿಗುತ್ತದೆ.

ಕಾಳಿದಂಡೆ

ಜೋಡಿಸಿ ನೋಡಿದೆ ಸರ್. ಮೂರೇ ಸಾಲು ಇವೆ, ಮರುಕಳಿಸಿದ್ದು ಒಂದೂ ಇಲ್ಲ. ಅದೂ ಅಲ್ಲದೆ ಸಾಲು ಎರಡು ಸಲ ಬಂದಿದ್ದರೆ ಪೈವಟ್‌ನಲ್ಲೂ ಜಾಸ್ತಿ ಬರಬೇಕಿತ್ತು ಅಲ್ವಾ?

ಶಾಲ್ಮಲಾ (ಶಿರಸಿ)

ನಮ್ಮದೂ ಇದೇ ಗೋಳು. ನಾನು ಇರುವುದು ಹಾಸ್ಟೆಲ್ ಲೆಕ್ಕದಲ್ಲಿ. ಬಾಲಕಿಯರ ಹಾಸ್ಟೆಲಿನ ಹಣವನ್ನು ಮಹಿಳಾ ಬಜೆಟ್‌ನಲ್ಲೂ ತೋರಿಸಿದ್ದೆ, ಮಕ್ಕಳ ಬಜೆಟ್‌ನಲ್ಲೂ ತೋರಿಸಿದ್ದೆ. ಮೇಲಿನವರು ಎರಡನ್ನೂ ಕೂಡಿಸಿ, ಇದೇನು ಇಲಾಖೆಯ ಅನುದಾನಕ್ಕಿಂತ ಜಾಸ್ತಿ ಅಂತ ಫೈಲು ವಾಪಸ್ ಕಳಿಸಿದರು. ನಿಮ್ಮಲ್ಲೂ ಮಹಿಳೆ, ಮಕ್ಕಳು ಎರಡೂ ಸೇರಿರಬೇಕು. ಯಾವುದಾದರೂ ಒಂದರಿಂದ ತೆಗೆಯಿರಿ.

ಅಘನಾಶಿನಿ (ಕುಮಟಾ)

ನಾನು ಲೆಕ್ಕಪತ್ರ ವಿಭಾಗದಲ್ಲೇ ಕೆಲಸ ಮಾಡಿ ನಿವೃತ್ತನಾದವನು. ಶಾಲ್ಮಲಾ, ನಿಮ್ಮದು ಬೇರೆ ಸಮಸ್ಯೆ. ಅದಕ್ಕೆ ಆಮೇಲೆ ಬರುತ್ತೇನೆ.

ಕಾಳಿದಂಡೆ, ಒಂದು ವಿಷಯ ಹೇಳಿ. ಹೆಡ್ ಬರೆಯುವ ರೀತಿಯಲ್ಲಿ ಈ ಸಲ ಏನಾದರೂ ಬದಲು ಮಾಡಿದ್ದೀರಾ? ಒಂದು ಹೆಡ್ಡನ್ನು ಹಾಳೆಯಲ್ಲಿ ಇದ್ದ ಹಾಗೇ ಇಲ್ಲಿ ಹಾಕಿ. 120ರಲ್ಲಿ 30 ಲಕ್ಷ ಹೆಚ್ಚುವರಿ. ನಿಮ್ಮ 18 ಮತ್ತು 12 ಸೇರಿದರೂ 30. ಆ ಎರಡು ಸಾಲಿನಲ್ಲೇ ಏನೋ ಇದೆ.

ಕಾಳಿದಂಡೆ

ಹೌದು ಸರ್, ಈ ಸಲ ಮುಂದೆ ಡಿಮ್ಯಾಂಡ್ ನಂಬರ್ ಸೇರಿಸಿದ್ದೇನೆ. ನಮ್ಮದು 02. ಎಲ್ಲ ಇಲಾಖೆಯ ಪಟ್ಟಿ ಒಟ್ಟು ಮಾಡಲು ಸುಲಭ ಅಂತ ಹೇಳಿದ್ದರು. ಉಪಶೀರ್ಷಿಕೆಯ ಎರಡು ಅಂಕಿಯನ್ನು ಇಲ್ಲಿಗಾಗಿ ಬದಲಿಸಿದ್ದೇನೆ, ಉಳಿದದ್ದು ಹಾಗೇ ಇದೆ. ಸೆಲ್‌ಗಳೆಲ್ಲ ಟೆಕ್ಸ್ಟ್ ಫಾರ್ಮ್ಯಾಟ್‌ನಲ್ಲೇ ಇವೆ.

```
02240500103031106
02240500103031422
02240500103031423
```

422 ಮತ್ತು 423 ಎರಡೂ ಸಾಲಿನಲ್ಲಿ 30, 30 ಬರ್ತಿದೆ. ನೀವು ಹೇಳಿದ ಮೇಲೇ ಗಮನಿಸಿದೆ.

ಅಘನಾಶಿನಿ

ಹಾಗಾದರೆ ಸಿಕ್ಕಿತು. ತಪ್ಪು ನಿಮ್ಮ ಅನುದಾನದ ಅಂಕಿಯಲ್ಲಿ ಇಲ್ಲ, SUMIF ಹೆಡ್ಡನ್ನು ಓದುವ ರೀತಿಯಲ್ಲಿದೆ.

ನಮ್ಮ ಹೆಡ್ 15 ಅಂಕಿ. ಮೇಜರ್ ಹೆಡ್ 4, ಅದರ ಕೆಳಗಿನದು 2, ಮೈನರ್ 3, ಗ್ರೂಪ್ 1, ಉಪಶೀರ್ಷಿಕೆ 2, ಕೊನೆಯ ಆಬ್ಜೆಕ್ಟ್ ಹೆಡ್ 3. ಎಕ್ಸೆಲ್ ಯಾವುದೇ ಸಂಖ್ಯೆಯಲ್ಲಿ 15 ಅಂಕಿ ಮಾತ್ರ ನೆನಪಿಟ್ಟುಕೊಳ್ಳುತ್ತದೆ. ಅದಕ್ಕಿಂತ ಮುಂದಿನದನ್ನು ಸೊನ್ನೆ ಮಾಡಿಬಿಡುತ್ತದೆ. ನೀವು ಸೆಲ್ಲನ್ನು ಟೆಕ್ಸ್ಟ್ ಅಂತ ಇಟ್ಟರೂ, ಅದರೊಳಗೆ ಬರೀ ಅಂಕಿಗಳೇ ಇದ್ದರೆ SUMIF ಮತ್ತು COUNTIF ಹೋಲಿಸುವಾಗ ಸಂಖ್ಯೆ ಅಂತಲೇ ತಿಳಿಯುತ್ತವೆ. ಹೋದ ವರ್ಷ ಸರಿಯಾಗಿ 15 ಅಂಕಿ ಇತ್ತು, ಬಚಾವಾದಿರಿ. ಈ ಸಲ 02 ಸೇರಿತು. ಮುಂದಿನ ಸೊನ್ನೆ ಬಿದ್ದುಹೋದರೂ 16 ಅಂಕಿ ಉಳಿಯುತ್ತದೆ. ಕೊನೆಯ ಅಂಕಿ ಹೋದರೆ 422ಕ್ಕೂ 423ಕ್ಕೂ ವ್ಯತ್ಯಾಸವೇ ಇಲ್ಲ, ಎರಡೂ 420. ಹಾಗಾಗಿ ಎರಡು ಸಾಲಿಗೂ 18+12 ತಂದು ಹಾಕಿದೆ. 106 ಬೇರೆಯಾಗಿಯೇ ಉಳಿಯಿತು, ಅದಕ್ಕೇ ಅದು ಸರಿ ಇದೆ. ಪೈವಟ್ ಟೆಕ್ಸ್ಟನ್ನು ಟೆಕ್ಸ್ಟ್ ಆಗಿಯೇ ನೋಡುತ್ತದೆ, ಅದಕ್ಕೇ ಅಲ್ಲಿ 90.

ಖಾತ್ರಿ ಮಾಡಿಕೊಳ್ಳಲು 422ರ ಸಾಲಿನ ಪಕ್ಕದಲ್ಲಿ ಇವೆರಡನ್ನು ಹಾಕಿ ನೋಡಿ. A3 ಜಾಗದಲ್ಲಿ ನಿಮ್ಮ ಸೆಲ್ ಬರಲಿ.

```
=COUNTIF(Sheet1!$A$2:$A$400,A3)
=SUMPRODUCT(--(Sheet1!$A$2:$A$400=A3))
```

ಮೊದಲನೆಯದು 2 ಅನ್ನುತ್ತದೆ, ಎರಡನೆಯದು 1 ಅನ್ನುತ್ತದೆ. ಮೊತ್ತ ತರಲು ಇದನ್ನು ಬಳಸಿ:

```
=SUMPRODUCT(--(Sheet1!$A$2:$A$400=A3),Sheet1!$D$2:$D$400)
```

ಇನ್ನೂ ಸುಲಭದ ದಾರಿ ಅಂದರೆ ಎರಡೂ ಹಾಳೆಯಲ್ಲಿ ಹೆಡ್ಡನ್ನು ಗೆರೆ ಹಾಕಿ ಬರೆಯುವುದು, `02-2405-00-103-0-31-422` ಹೀಗೆ. ಆಗ ಅದನ್ನು ಸಂಖ್ಯೆ ಅಂತ ತಿಳಿಯಲು ಸಾಧ್ಯವೇ ಇಲ್ಲ. ಹಳೆಯ SUMIF ಕೂಡ ಸರಿಯಾಗಿ ನಡೆಯುತ್ತದೆ.

ಕಾಳಿದಂಡೆ

ಸರ್, ಬಂತು! 2 ಮತ್ತು 1 ಅಂತಲೇ ತೋರಿಸಿತು. ಗೆರೆ ಹಾಕಿದೆ, 90 ಆಯಿತು. ಬೇರೆ ನಾಲ್ಕು ಯೋಜನೆಗಳಲ್ಲೂ 422, 423 ಸೇರಿಹೋಗಿದ್ದವು. ಅಲ್ಲಿ ಒಟ್ಟು ದೊಡ್ಡದಿದ್ದುದರಿಂದ ಕಣ್ಣಿಗೆ ಬಿದ್ದಿರಲಿಲ್ಲ. ತುಂಬಾ ಉಪಕಾರವಾಯಿತು.

ಇನ್ನೊಂದು ಪ್ರಶ್ನೆ ಇದೆ. ‘ಬಿ’ ವರ್ಗದಲ್ಲಿ ಮಹಿಳೆಯರ ಪಾಲು ಶೇ 30ರಿಂದ 99ರ ಒಳಗೆ ಇರಬೇಕು. ಮೀನು ಮಾರಾಟಕ್ಕೆ ಐಸ್ ಬಾಕ್ಸ್ ಇರುವ ಬೈಕ್ ಕೊಡುವ ಸಾಲು ಒಂದಿದೆ, ಮತ್ಸ್ಯ ಸಂಪದ ಯೋಜನೆಯದು. ಹೋದ ವರ್ಷದ 48 ಫಲಾನುಭವಿಗಳಲ್ಲಿ 12 ಮಹಿಳೆಯರು. ಅಂದರೆ ಶೇ 25. ಇದನ್ನು ಬಿಡಬೇಕಾ?

ಗಂಗಾವಳಿ

ಬಿಡಬೇಡಿ, ಶೇ 30 ಅಂತ ಹಾಕಿಬಿಡಿ. ಎಲ್ಲರೂ ಹಾಗೇ ಮಾಡುತ್ತಾರೆ. ಅಂಕಿ ಇಲ್ಲದ ಸಾಲಿಗೆಲ್ಲ ನಾವು 30 ಹಾಕುತ್ತೇವೆ. ಯಾರೂ ಕೇಳುವುದಿಲ್ಲ.

ಅಘನಾಶಿನಿ

ಗಂಗಾವಳಿಯವರೇ, ಬಿಡಬೇಡಿ ಅಂದದ್ದು ಸರಿ. ಆದರೆ 30 ಹಾಕಿ ಅಂದದ್ದನ್ನು ನಾನು ಒಪ್ಪುವುದಿಲ್ಲ. 30 ಅನ್ನುವುದು ಒಳಗೆ ಬರಲು ಬೇಕಾದ ಕನಿಷ್ಠ ಮಟ್ಟ. ಅದು ಯಾರೋ ಎಣಿಸಿದ ಪಾಲು ಅಲ್ಲ. ತಃಖ್ತೆ ತುಂಬಾ 30 ಕಂಡರೆ ಯಾರೂ ಎಣಿಸಿಲ್ಲ ಅಂತ ಓದುವವರಿಗೆ ಕೂಡಲೇ ಗೊತ್ತಾಗುತ್ತದೆ.

ಈ ಸಾಲಿನಲ್ಲಿ ತಲೆ ಎಣಿಸಿದರೆ ತಪ್ಪುತ್ತದೆ. ನಾವು ಹೇಳುತ್ತಿರುವುದು ಹಣದ ಪಾಲು. ಮತ್ಸ್ಯ ಸಂಪದದಲ್ಲಿ ಸಾಮಾನ್ಯ ವರ್ಗದ ಗಂಡಸರಿಗೆ ಘಟಕ ವೆಚ್ಚದ ಶೇ 40 ಸಹಾಯಧನ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ 60. ಬೈಕಿನ ಘಟಕ ವೆಚ್ಚ 75,000. ಹಾಗಾಗಿ ಗಂಡಸಿಗೆ 30,000, ಹೆಂಗಸಿಗೆ 45,000. 12 ಮಹಿಳೆಯರಿಗೆ 5,40,000 ಆಯಿತು. ಉಳಿದ 36 ಜನ ಸಾಮಾನ್ಯ ವರ್ಗದವರು ಅಂತಿಟ್ಟುಕೊಂಡರೆ 10,80,000. ಒಟ್ಟು 16,20,000. ಮಹಿಳೆಯರ ಪಾಲು ಮೂರನೇ ಒಂದು, ಶೇ 33. ಸುಮ್ನೆ 30 ಹಾಕುವ ಅಗತ್ಯವೇ ಇಲ್ಲ. ಸಾಲು ತನ್ನ ಬಲದಲ್ಲೇ ಒಳಗೆ ಬರುತ್ತದೆ.

ಎರಡು ಎಚ್ಚರಿಕೆ. ಪರಿಶಿಷ್ಟರ ಹಣ 422, 423ರಲ್ಲಿ ಬರುವುದರಿಂದ ಅಲ್ಲಿ ಗಂಡಸರಿಗೂ ಶೇ 60. ಅಲ್ಲಿ ತಲೆ ಎಣಿಕೆಯೂ ಹಣವೂ ಒಂದೇ ಬರುತ್ತದೆ. ಪ್ರತಿ ಸಾಲಿಗೆ ಬೇರೆ ಲೆಕ್ಕ ಮಾಡಿ, ಮೂರಕ್ಕೂ ಒಂದೇ ಶೇಕಡಾ ಹಾಕಬೇಡಿ. ಇನ್ನೊಂದು, ಒಂದು ವರ್ಷದ ಅಂಕಿ ಸಾಲದು. ಮುಂದಿನ ವರ್ಷಕ್ಕೆ ಯಾರು ಅರ್ಜಿ ಹಾಕುತ್ತಾರೆ ಅಂತ ಈಗ ಗೊತ್ತಿರುವುದಿಲ್ಲ. ಹಿಂದಿನ ಮೂರು ವರ್ಷದಲ್ಲಿ ನಿಜವಾಗಿ ಪಾವತಿಯಾದ ಹಣ ಕೂಡಿಸಿ ಪಾಲು ತೆಗೆಯಿರಿ. ಅದನ್ನು ಹೊಸ ಅನುದಾನಕ್ಕೆ ಹಚ್ಚಿ. ತಃಖ್ತೆಯಲ್ಲಿ ಪೂರ್ತಿ ಅನುದಾನಕ್ಕೆ ಒಂದು ಕಾಲಂ, ಮಹಿಳೆಯರ ಪಾಲಿಗೆ ಇನ್ನೊಂದು ಇರಲಿ. ಇಲಾಖೆಯ ಒಟ್ಟು ಶೇಕಡಾ ತೆಗೆಯುವಾಗ ‘ಬಿ’ ವರ್ಗದ್ದು ಪಾಲಿನ ಕಾಲಂನಿಂದ ಮಾತ್ರ ಹೋಗಬೇಕು. 16.2 ಲಕ್ಷವನ್ನೇ ಕೂಡಿಸಿದರೆ ಇಲ್ಲದ ಹಣ ಮಹಿಳೆಯರ ಹೆಸರಿನಲ್ಲಿ ಕಾಣುತ್ತದೆ.

ಶಾಲ್ಮಲಾ, ಈಗ ನಿಮ್ಮದು. ಎಲ್ಲಿಂದಲೂ ತೆಗೆಯಬೇಡಿ. ನಮ್ಮ ರಾಜ್ಯದಲ್ಲಿ ಮಹಿಳಾ ಬಜೆಟ್ 2007-08ರಿಂದ ಇದೆ, ಮಕ್ಕಳ ಬಜೆಟ್ 2020-21ರಲ್ಲಿ ಬಂತು. ಅವು ಎರಡು ಬೇರೆ ಪ್ರಶ್ನೆಗೆ ಎರಡು ಉತ್ತರ. ಬಾಲಕಿಯರ ಹಾಸ್ಟೆಲ್ ಎರಡರಲ್ಲೂ ಬರಬಹುದು. ಕೂಡಿಸಿದ್ದೇ ತಪ್ಪು. ಎರಡರಲ್ಲೂ ಬಂದ ಸಾಲುಗಳ ಪಟ್ಟಿಯನ್ನು ಒಂದು ಹಾಳೆಯಲ್ಲಿ ಲಗತ್ತಿಸಿ ಕಳಿಸಿ. ಆದರೆ ಹಾಸ್ಟೆಲಿನಲ್ಲಿ ಪದವಿ ಓದುವವರೂ ಇದ್ದರೆ 18 ತುಂಬಿದವರನ್ನು ಮಕ್ಕಳ ಲೆಕ್ಕದಿಂದ ಬಿಡಬೇಕು.

ಶಾಲ್ಮಲಾ

ಇದ್ದಾರೆ ಸರ್, ಪಿಯು ಮತ್ತು ಡಿಗ್ರಿ ಎರಡೂ ಒಂದೇ ಕಟ್ಟಡ. ದಾಖಲಾತಿ ಪುಸ್ತಕದಲ್ಲಿ ಹುಟ್ಟಿದ ದಿನಾಂಕ ಇದೆ. ಅದನ್ನೇ ಹಿಡಿದು ಎಣಿಸುತ್ತೇನೆ.

ಕಾಳಿದಂಡೆ

ಸರ್, ಒಂದು ಸಂಗತಿ ಮನಸ್ಸಿಗೆ ಕೊರೆಯುತ್ತಿದೆ. ಆ 12ರಲ್ಲಿ ಐದು ಬೈಕ್ ಹೆಸರಿಗೆ ಮಾತ್ರ ಅಮ್ಮಂದಿರದ್ದು. ಓಡಿಸುವುದು ಮಗ ಅಥವಾ ಗಂಡ. ಶೇ 60 ಸಿಗುತ್ತದೆ ಅಂತ ಹೆಂಗಸರ ಹೆಸರಿನಲ್ಲಿ ಅರ್ಜಿ ಹಾಕುತ್ತಾರೆ. ಬುಟ್ಟಿ ಹೊತ್ತು ಮನೆಮನೆಗೆ ಮಾರುವ ಅಕ್ಕಂದಿರು ಈಗಲೂ ನಡೆದೇ ಹೋಗುತ್ತಾರೆ, ನನ್ನ ಕಣ್ಣೆದುರೇ. ಈ ಹಣವನ್ನು ಮಹಿಳೆಯರ ಪಾಲು ಅಂತ ಬರೆಯಲು ಕೈ ಬರುತ್ತಿಲ್ಲ. ಆ ಐದನ್ನು ಬಿಟ್ಟರೆ ಶೇ 30 ದಾಟುವುದೇ ಇಲ್ಲ.

ಗಂಗಾವಳಿ

ಬೈಕ್ ಯಾರೇ ಓಡಿಸಲಿ ಮೇಡಂ, ಮೀನು ಮಾರುವುದು ಅಮ್ಮನೇ. ಮಗ ಬಂದರಿನಿಂದ ಸಂತೆಗೆ ತಂದುಕೊಟ್ಟರೆ ಅವಳಿಗೂ ಅನುಕೂಲ ಅಲ್ವಾ? ನಮ್ಮ ಅಂಕೋಲಾ ಪೇಟೆಯಲ್ಲಿ ಬೆಳಿಗ್ಗೆ ಬಂದು ನೋಡಿ.

ಅಘನಾಶಿನಿ

ಇಲ್ಲಿ ನಾನು ಗಂಗಾವಳಿಯವರ ಜೊತೆ ಅರ್ಧ ಇದ್ದೇನೆ. ತಃಖ್ತೆ ಕೇಳುವುದು ಹಣ ಯಾರ ಖಾತೆಗೆ ಹೋಯಿತು ಅಂತ. ಖಾತೆ ಅಮ್ಮನದಾದರೆ ಪಾಲಿನಲ್ಲಿ ಸೇರಿಸಿ, ಅದನ್ನು ದಾಖಲೆಯಿಂದ ಸಾಬೀತು ಮಾಡಬಹುದು. ಯಾರು ಓಡಿಸುತ್ತಾರೆ ಅನ್ನುವುದಕ್ಕೆ ನಿಮ್ಮ ಬಳಿ ದಾಖಲೆ ಇಲ್ಲ. ಆದರೆ ಷರಾ ಕಾಲಂ ಖಾಲಿ ಬಿಡಬೇಡಿ. ಅಲ್ಲಿ ಇಷ್ಟು ಘಟಕಗಳಲ್ಲಿ ಚಾಲನಾ ಪರವಾನಗಿ ಕುಟುಂಬದ ಬೇರೆ ಸದಸ್ಯರದ್ದು ಅಂತ ಬರೆಯಿರಿ. ಪರವಾನಗಿ ಪ್ರತಿ ಅರ್ಜಿಯ ಜೊತೆ ಇದ್ದರೆ ಅಷ್ಟನ್ನು ಹೇಳಲು ಸಾಧ್ಯ.

ಕಾಳಿದಂಡೆ

ಷರಾ ಬರೆಯುತ್ತೇನೆ ಸರ್. ಆದರೆ ಪಾಲಿನಲ್ಲಿ ಸೇರಿಸುವುದು ಸರಿ ಅಂತ ನನಗೆ ಇನ್ನೂ ಅನಿಸುತ್ತಿಲ್ಲ. ಅಂಕಿ ಒಮ್ಮೆ ಮೇಲೆ ಹೋದರೆ ಷರಾ ಯಾರೂ ಓದುವುದಿಲ್ಲ, 33 ಮಾತ್ರ ಉಳಿಯುತ್ತದೆ. ಮೂರು ವರ್ಷದ ಅರ್ಜಿಗಳನ್ನು ನಾಳೆ ತೆಗೆದು ಪರವಾನಗಿ ಪ್ರತಿಗಳನ್ನು ನೋಡುತ್ತೇನೆ. ಎಷ್ಟು ಸಿಕ್ಕಿತು ಅಂತ ಇಲ್ಲಿ ಬರೆಯುತ್ತೇನೆ.