ಅಕ್ಕ ಕಳಿಸಿದ ಬನಾನಾ ಬ್ರೆಡ್ ಚೀಟಿ: ನಮ್ಮ ಲೋಟಕ್ಕೆ ಎಷ್ಟು?

ಕೇಳಿದವರು, ತುಮಕೂರು

ನ್ಯೂಜೆರ್ಸಿಯಲ್ಲಿರುವ ಅಕ್ಕ, ಪಕ್ಕದ ಮನೆಯ ಅಜ್ಜಿ ಕೈಯಲ್ಲಿ ಬರೆದುಕೊಟ್ಟ ಚೀಟಿಯ ಫೋಟೊ ಕಳಿಸಿದ್ದಾಳೆ. ಫೋನಿನಲ್ಲಿ ಕನ್ನಡಕ್ಕೆ ಮಾಡಿದಾಗ ಬಂದದ್ದು: 3 ಬಾಳೆಹಣ್ಣು, 1/3 ಕಪ್ ಬೆಣ್ಣೆ, 3/4 ಕಪ್ ಸಕ್ಕರೆ, 1 ಮೊಟ್ಟೆ, 1 ಚಮಚ ಸೋಡಾ, 11/2 ಕಪ್ ಹಿಟ್ಟು, 350ರಲ್ಲಿ 1 ಗಂಟೆ. ಹನ್ನೊಂದು ಅಲ್ಲ, ಒಂದೂವರೆ ಅಂದುಕೊಂಡು ಸ್ಟೀಲ್ ಲೋಟದಲ್ಲಿ ಅಳೆದೆ. ಪಚ್ಚಬಾಳೆ ಹಾಕಿದ್ದೆ. ಓಟಿಜಿಯಲ್ಲಿ 250ಕ್ಕಿಂತ ಮೇಲೆ ಇಲ್ಲ, ಅದಕ್ಕೇ ಇಟ್ಟೆ. ಮೇಲೆ ಕಪ್ಪಾಯಿತು, ಒಳಗೆ ಹಸಿ, ಬಾಯಲ್ಲಿ ಸೋಪಿನ ರುಚಿ. ಏನು ಮಾಡಲಿ?

ಮೈಸೂರು

ಲೋಟ ಯಾವುದಾದರೂ ಆಗುತ್ತೆ. ಎಲ್ಲವನ್ನೂ ಅದೇ ಲೋಟದಲ್ಲಿ ಅಳೆದರೆ ಸರಿ. ನಮ್ಮಮ್ಮ ಮೈಸೂರು ಪಾಕಿಗೂ ಹಾಗೇ ಅಳೆಯೋದು, ಒಂದು ದಿನವೂ ಕೆಟ್ಟಿಲ್ಲ. ತಪ್ಪಿದ್ದು ಬಿಸಿಯಲ್ಲಿ ಅಷ್ಟೇ. 350 ಫ್ಯಾರನ್‌ಹೀಟ್, ನಮ್ಮದು ಸೆಲ್ಸಿಯಸ್.

ಮಂಗಳೂರು, ಮನೆಯಲ್ಲೇ ಕೇಕ್ ಮಾಡಿ ಮಾರುವವರು

ಬಿಸಿಯ ಮಾತು ನಿಜ. 350ರಿಂದ 32 ಕಳೆಯಿರಿ, 318. ಅದರ ಅರ್ಧ 159. ಅದಕ್ಕೆ ಅದರದೇ ಹತ್ತನೇ ಒಂದು ಪಾಲು, ಅಂದರೆ 16 ಸೇರಿಸಿ. 175 ಬಂತು. ಪೂರಾ ಲೆಕ್ಕ ಹಾಕಿದರೆ 177. ಒಲೆಯ ಗುಂಡಿಗೆ 175 ಸಾಕು. ಫ್ಯಾನ್ ತಿರುಗುವ ಓಟಿಜಿ ಆದರೆ 160 ಇಡಿ.

ಲೋಟದ ಮಾತನ್ನು ಮಾತ್ರ ನಾನು ಒಪ್ಪಲ್ಲ. ಮೈಸೂರು ಪಾಕಿನಲ್ಲಿ ಕಡಲೆಹಿಟ್ಟು, ಸಕ್ಕರೆ, ತುಪ್ಪ ಎಲ್ಲವೂ ಲೋಟದಲ್ಲೇ ಬರುತ್ತೆ, ಅದಕ್ಕೇ ಸರಿಹೋಗುತ್ತೆ. ಇಲ್ಲಿ ಬಾಳೆಹಣ್ಣು, ಮೊಟ್ಟೆ ಎಣಿಕೆ ಮೇಲೆ ಬರುತ್ತವೆ. ಲೋಟ ಚಿಕ್ಕದಾದರೂ ಅವು ಚಿಕ್ಕದಾಗಲ್ಲ ಅಲ್ವಾ? ಅಮೆರಿಕದ ಕಪ್ಪಿಗೆ ಸುಮಾರು 240 ಮಿಲಿ ಹಿಡಿಯುತ್ತೆ. ನಿಮ್ಮ ಲೋಟ 200 ಇದ್ದರೆ ಹಿಟ್ಟು ಆರನೇ ಒಂದು ಪಾಲು ಕಡಿಮೆ ಬಿತ್ತು, ಹಣ್ಣಿನ ನೀರು ಅಷ್ಟೇ ಉಳಿಯಿತು. ಒಳಗೆ ಹಸಿ ಉಳಿಯೋಕೆ ಅದೂ ಒಂದು ಕಾರಣ.

ತಕ್ಕಡಿ ಇದ್ದರೆ ಖಾಲಿ ಲೋಟ ಇಟ್ಟು ಸೊನ್ನೆ ಮಾಡಿ, ಕಂಠದವರೆಗೆ ನೀರು ತುಂಬಿ. ಎಷ್ಟು ಗ್ರಾಂ ಬಂತೋ ಅಷ್ಟೇ ಮಿಲಿ. ಆದರೆ ತಕ್ಕಡಿ ಇದ್ದ ಮೇಲೆ ಲೋಟದ ಗೊಡವೆ ಯಾಕೆ? ನಾನು ಈ ಚೀಟಿಯನ್ನು ಹೀಗೆ ಬರೆದುಕೊಳ್ಳುತ್ತೇನೆ: ಮೈದಾ 180 ಗ್ರಾಂ, ಸಕ್ಕರೆ 150, ಬೆಣ್ಣೆ 75. ಚೀಟಿಯಲ್ಲಿ ಬರೀ ಹಿಟ್ಟು ಅಂತಿದ್ದರೆ ಅಲ್ಲಿಯವರ ಲೆಕ್ಕದಲ್ಲಿ ಅದು ಮೈದಾ. ನೀವು ಗೋಧಿ ಹಿಟ್ಟು ಹಾಕಿದ್ದರೆ ಗಟ್ಟಿಯಾಗಿ ಬರುತ್ತೆ.

ಸೋಪಿನ ರುಚಿ ಸೋಡಾದ್ದು. ಫೋಟೊ ದೊಡ್ಡದು ಮಾಡಿ ನೋಡಿ, ಒಂದರ ಮುಂದೆ ಇರೋದು ಚಿಕ್ಕ ಟಿ ನಾ, ದೊಡ್ಡ ಟಿ ನಾ? ಚಿಕ್ಕದು ಟೀ ಚಮಚ, 5 ಮಿಲಿ. ದೊಡ್ಡದು ಅದರ ಮೂರರಷ್ಟು. ಕನ್ನಡಕ್ಕೆ ಬಂದಾಗ ಎರಡೂ ಸುಮ್ನೆ 'ಚಮಚ' ಆಗಿಬಿಡುತ್ತೆ.

ಶಿರಸಿ

ನನ್ನ ಹತ್ತಿರ ಅಜ್ಜಿಯ ಅಡುಗೆ ಪುಸ್ತಕ ಇದೆ. ಅದರಲ್ಲಿ ಪಾವು, ಚಟಾಕು ಅಂತ ಇದೆ. ಅದನ್ನು ಕಪ್ಪಿಗೆ ಹೇಗೆ ತರೋದು?

ಮಂಗಳೂರು

ಅಕ್ಕಾ, ಅದು ಬೇರೆ ಕಥೆ. ಪಾವು ಮನೆಮನೆಗೂ ಬೇರೆ ಇರುತ್ತೆ. ಅಜ್ಜಿಯ ಪಾವು ಇನ್ನೂ ಮನೆಯಲ್ಲಿದ್ದರೆ ಅದಕ್ಕೇ ನೀರು ತುಂಬಿ ತೂಗಿ.

ಮೆಲ್ಬರ್ನ್

ಅಕ್ಕ ಅಮೆರಿಕದಲ್ಲಿರೋದರಿಂದ ಬಚಾವ್. ಇಲ್ಲಿಯ ಚೀಟಿ ಆಗಿದ್ದರೆ ದೊಡ್ಡ ಚಮಚ 20 ಮಿಲಿ, ಕಪ್ 250. ಚೀಟಿ ಯಾವ ಊರಿನದು ಅಂತ ಮೊದಲು ಕೇಳಬೇಕು.

ಮೈಸೂರು

ಹಣ್ಣು, ಮೊಟ್ಟೆಯ ಮಾತು ನನಗೆ ಹೊಳೆದಿರಲಿಲ್ಲ. ಆದರೆ ಬನಾನಾ ಬ್ರೆಡ್‌ಗೆ ಪಚ್ಚಬಾಳೆ ಯಾಕೆ, ಏಲಕ್ಕಿ ಬಾಳೆ ಹಾಕಿ. ರುಚಿ ಹೆಚ್ಚು.

ಮಂಗಳೂರು

ರುಚಿ ಹೆಚ್ಚು, ನಿಜ. ಆದರೆ ಮೂರೇ ಹಾಕಬೇಡಿ. ಅಲ್ಲಿ ಅಂಗಡಿಯಲ್ಲಿ ಸಿಗೋದು ನಮ್ಮ ಪಚ್ಚಬಾಳೆಯ ಜಾತಿಯೇ. ಮೂರು ಸುಲಿದರೆ 350 ಗ್ರಾಂ ಹತ್ತಿರ ಬರುತ್ತೆ. ಏಲಕ್ಕಿ ಆದರೆ ಏಳೆಂಟು ಬೇಕು. ಸುಲಿದು ತೂಗಿಬಿಡಿ.

ಕೇಳಿದವರು, ತುಮಕೂರು

ಫೋಟೊ ದೊಡ್ಡದು ಮಾಡಿದೆ. ಚಿಕ್ಕ ಟಿ! ನಾನು ಊಟದ ಚಮಚದಲ್ಲಿ ಗೋಪುರದ ಹಾಗೆ ತುಂಬಿ ಹಾಕಿದ್ದೆ. ಲೋಟಕ್ಕೆ ನೀರು ತುಂಬಿ ತೂಗಿದೆ, 190 ಬಂತು. ಇನ್ನೊಂದು: ಮನೆಯ ಬೆಣ್ಣೆ ಹಾಕಬಹುದಾ?

ಮಂಗಳೂರು

ಮನೆ ಬೆಣ್ಣೆಯಲ್ಲಿ ನೀರು ಎಷ್ಟಿದೆ ಅಂತ ಹೇಳೋಕಾಗಲ್ಲ. ನಾನಾದರೆ 60 ಗ್ರಾಂ ತುಪ್ಪ ಹಾಕುತ್ತೇನೆ.

ಮೈಸೂರು

ತುಪ್ಪದ ವಾಸನೆ ಬಾಳೆಹಣ್ಣನ್ನು ಮುಚ್ಚಿಬಿಡುತ್ತೆ. ನಾನು ಮನೆ ಬೆಣ್ಣೆಯನ್ನೇ ಚೆನ್ನಾಗಿ ಹಿಂಡಿ ಹಾಕುತ್ತೇನೆ.

ಕೇಳಿದವರು, ತುಮಕೂರು

ಭಾನುವಾರ ಎರಡು ಚಿಕ್ಕ ಟಿನ್ನಿನಲ್ಲಿ ಎರಡೂ ಮಾಡಿ ನೋಡುತ್ತೇನೆ. ಟಿನ್ ಚಿಕ್ಕದಾದರೆ 1 ಗಂಟೆ ಬೇಕಾಗಲ್ಲ ಅಲ್ವಾ?

ಮಂಗಳೂರು

ಬೇಕಾಗಲ್ಲ. 30 ನಿಮಿಷಕ್ಕೆ ಮಧ್ಯದಲ್ಲಿ ಕಡ್ಡಿ ಚುಚ್ಚಿ ನೋಡಿ. ಹಸಿ ಹಿಟ್ಟು ಅಂಟಿದರೆ ಐದೈದು ನಿಮಿಷ ಮುಂದಕ್ಕೆ ಹಾಕುತ್ತಾ ಹೋಗಿ.