ಡೆಪಾಜಿಟ್ ವಾಪಸ್ ಯಾವಾಗ? ಬಾಡಿಗೆ ಅಗ್ರಿಮೆಂಟಿನ ಒಂದು ಉದ್ದ ವಾಕ್ಯ

ಪ್ರಶ್ನೆ (ಶಹಾಪುರದ ಶಿಕ್ಷಕಿ, ಈಗ ಕಲಬುರಗಿ): ವಕೀಲರೇ, ಸೇಡಂ ರಸ್ತೆ ಕಡೆ ಮನೆ ನೋಡಿದ್ದೇವೆ. ಬಾಡಿಗೆ 8,000, ಡೆಪಾಜಿಟ್ 50,000, 11 ತಿಂಗಳು. ಈ ಷರತ್ತು ಎಷ್ಟು ಸಲ ಓದಿದರೂ ತಿಳಿಯುತ್ತಿಲ್ಲ. ಸಹಿ ಹಾಕಬಹುದಾ?

"ಎರಡನೇ ಪಾರ್ಟಿಯವರು ಸದರಿ ಮನೆಯನ್ನು ಅವಧಿಗೆ ಮುಂಚೆ ಖಾಲಿ ಮಾಡುವುದಾದಲ್ಲಿ ಎರಡು ತಿಂಗಳು ಮುಂಚಿತವಾಗಿ ಲಿಖಿತ ನೋಟೀಸು ಕೊಡತಕ್ಕದ್ದು, ತಪ್ಪಿದಲ್ಲಿ ಆ ಅವಧಿಯ ಬಾಡಿಗೆಯನ್ನೂ, ಬಣ್ಣ ಮತ್ತು ರಿಪೇರಿ ಬಾಬ್ತು ಒಂದನೇ ಪಾರ್ಟಿಯವರು ನಿರ್ಧರಿಸುವ ಮೊತ್ತವನ್ನೂ, ಕರೆಂಟ್ ಬಾಕಿಯನ್ನೂ ಮುರಿದುಕೊಂಡು ಉಳಿದ ಡೆಪಾಜಿಟನ್ನು ಮನೆ ಮರುಬಾಡಿಗೆಗೆ ಹೋದ ನಂತರ ಒಂದನೇ ಪಾರ್ಟಿಯವರು ಬಡ್ಡಿರಹಿತವಾಗಿ ಹಿಂದಿರುಗಿಸತಕ್ಕದ್ದು."

ಸದಸ್ಯರು (ಬೀದರ್): ಸುಮ್ನೆ ಸಹಿ ಹಾಕಿರಿ ಅಕ್ಕಾವ್ರೇ. 11 ತಿಂಗಳಿನದು ರಿಜಿಸ್ಟರ್ ಆಗಿರಲ್ಲ. ಅದಕ್ಕೆ ಬೆಲೆ ಇಲ್ಲ.

ಉತ್ತರ (ವಕೀಲರು, ಕಲಬುರಗಿ): ಬೀದರ್ ಅಣ್ಣಾವ್ರು ಹೇಳಿದ್ದರಲ್ಲಿ ಅರ್ಧ ಸರಿ. 1908ರ ನೋಂದಣಿ ಕಾಯ್ದೆಯ ಪ್ರಕಾರ ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ರಿಜಿಸ್ಟರ್ ಮಾಡಿಸಲೇಬೇಕು. ಅದಕ್ಕೇ ಎಲ್ಲರೂ 11 ತಿಂಗಳಿಗೆ ನಿಲ್ಲಿಸುತ್ತಾರೆ. ರಿಜಿಸ್ಟರ್ ಬೇಕಿಲ್ಲ ಅಂದ ಮಾತ್ರಕ್ಕೆ ಕರಾರಿಗೆ ಬೆಲೆ ಇಲ್ಲ ಅಂತ ಅಲ್ಲ. ಸಹಿ ಹಾಕಿದರೆ ಷರತ್ತಿಗೆ ನೀವು ಬದ್ಧರೇ.

ಈಗ ವಾಕ್ಯಕ್ಕೆ ಬರೋಣ ಮೇಡಂ. ಇಂಥದ್ದನ್ನು ಮೊದಲಿಂದ ಓದಬೇಡಿ. ಪೆನ್ನು ಹಿಡಿದು "ತಕ್ಕದ್ದು" ಎಲ್ಲೆಲ್ಲಿದೆಯೋ ಅಲ್ಲಿ ಗೆರೆ ಎಳೆಯಿರಿ. ಇಲ್ಲಿ ಎರಡಿವೆ. ಮೊದಲನೆಯದು ನಿಮ್ಮ ಕೆಲಸ: ನೋಟೀಸು ಕೊಡುವುದು. ಎರಡನೆಯದು ಮಾಲೀಕರ ಕೆಲಸ: ದುಡ್ಡು ವಾಪಸ್ ಕೊಡುವುದು. ಒಂದೇ ವಾಕ್ಯದಲ್ಲಿ ಇಬ್ಬರ ಕೆಲಸ ಸೇರಿಸಿದ್ದಕ್ಕೇ ನಿಮಗೆ ಗೊಂದಲವಾಗಿದೆ.

ಆಮೇಲೆ "ತಪ್ಪಿದಲ್ಲಿ" ನೋಡಿ. ಅದರಾಚೆಗೆ ಇರುವುದೆಲ್ಲ ಅದಕ್ಕೇ ನೇತುಬಿದ್ದಿದೆ. ಅಂದರೆ ಬರೆದಂತೆ ಓದಿದರೆ, ಡೆಪಾಜಿಟ್ ವಾಪಸ್ ಕೊಡುವ ಮಾತು ನೋಟೀಸು ತಪ್ಪಿಸಿದವರಿಗೆ ಮಾತ್ರ. ಸರಿಯಾಗಿ ನೋಟೀಸು ಕೊಟ್ಟವರಿಗೆ, 11 ತಿಂಗಳು ಪೂರ್ತಿ ಇದ್ದವರಿಗೆ ದುಡ್ಡು ಯಾವಾಗ ಸಿಗುತ್ತದೆ ಅಂತ ಈ ವಾಕ್ಯದಲ್ಲಿಲ್ಲ. ಬೇರೆ ಷರತ್ತಿನಲ್ಲಿ ಇದೆಯಾ ನೋಡಿ. ಮಾಲೀಕರ ಉದ್ದೇಶ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಹಳೇ ಅಗ್ರಿಮೆಂಟ್‌ಗಳಿಂದ ತುಂಡು ತುಂಡು ತಂದು ಜೋಡಿಸಿದಾಗ ಹೀಗಾಗುತ್ತದೆ.

ಲೆಕ್ಕ ಹಾಕೋಣ. ನಿಮಗೆ ದಿಢೀರ್ ವರ್ಗವಾಯಿತು, ನೋಟೀಸು ಕೊಡಲಾಗಲಿಲ್ಲ ಅಂದುಕೊಳ್ಳಿ. 50,000ದಲ್ಲಿ ಎರಡು ತಿಂಗಳ ಬಾಡಿಗೆ 16,000 ಹೋಯಿತು. ಜೆಸ್ಕಾಂ ಬಾಕಿ 1,000 ಅಂದರೆ 33,000 ಉಳಿಯಿತು. ಬಣ್ಣಕ್ಕೆ ಎಷ್ಟು? "ಒಂದನೇ ಪಾರ್ಟಿಯವರು ನಿರ್ಧರಿಸುವ ಮೊತ್ತ." ಅದಕ್ಕೆ ಮಿತಿಯೇ ಇಲ್ಲ. ಉಳಿದದ್ದು ಯಾವಾಗ? "ಮರುಬಾಡಿಗೆಗೆ ಹೋದ ನಂತರ." ಅದಕ್ಕೆ ತಾರೀಖಿಲ್ಲ. ಆರು ತಿಂಗಳು ಮನೆ ಖಾಲಿ ಬಿದ್ದರೆ ನಿಮ್ಮ ದುಡ್ಡೂ ಅಲ್ಲೇ. ನನಗೆ ಜಾಸ್ತಿ ಚಿಂತೆ ಇರುವುದು ಈ ಎರಡರದ್ದೇ.

ಹೀಗೆ ಬರೆಸಿ: "ಎರಡನೇ ಪಾರ್ಟಿ ಮನೆ ಬಿಡುವುದಾದರೆ ಒಂದು ತಿಂಗಳ ನೋಟೀಸು ಕೊಡಬೇಕು. ಒಂದನೇ ಪಾರ್ಟಿ ಬಿಡಿಸುವುದಾದರೂ ಅಷ್ಟೇ ನೋಟೀಸು ಕೊಡಬೇಕು. ಕೀಲಿ ಒಪ್ಪಿಸಿದ 15 ದಿನದೊಳಗೆ ಡೆಪಾಜಿಟ್ ಹಿಂದಿರುಗಿಸಬೇಕು. ಬಣ್ಣಕ್ಕೆ ಒಂದು ತಿಂಗಳ ಬಾಡಿಗೆಗಿಂತ ಜಾಸ್ತಿ ಮುರಿದುಕೊಳ್ಳುವಂತಿಲ್ಲ." ನಾಲ್ಕು ವಾಕ್ಯ ಬೇರೆ ಬೇರೆ ಇರಲಿ.

ಸದಸ್ಯರು (ಯಾದಗಿರಿ, ಅಂಗಡಿ ಮಾಲೀಕರು): ನನ್ನದೂ ಇದೇ ತೊಂದರೆ ಸಾಹೇಬ್ರೇ. ಅಂಗಡಿಗೆ ಮೂರು ವರ್ಷದ ಅಗ್ರಿಮೆಂಟ್ ಇದೆ. ಛಾಪಾ ಕಾಗದದ ಮೇಲೆ ಬರೆದು ನೋಟರಿ ಮಾಡಿಸಿದ್ದೇವೆ. ಸಾಕಲ್ವಾ?

ವಕೀಲರು: ನಿಮ್ಮದು ಬೇರೆ ರೀ. ಮೂರು ವರ್ಷ ಅಂದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ರಿಜಿಸ್ಟರ್ ಆಗಬೇಕು. ನೋಟರಿ ಅದರ ಬದಲಿಗೆ ಬರುವುದಿಲ್ಲ. "ಮೂರು ವರ್ಷ ನನ್ನನ್ನು ಎಬ್ಬಿಸುವಂತಿಲ್ಲ" ಎಂದು ಆ ಕಾಗದ ನಂಬಿ ಕೂರಬೇಡಿ. ಕಾಗದ ತೆಗೆದುಕೊಂಡು ಅಲ್ಲೇ ಒಬ್ಬ ವಕೀಲರನ್ನು ಕಾಣಿರಿ.

ಶಿಕ್ಷಕಿ: ಮಾಲೀಕರ ಜೊತೆ ಮಾತಾಡಿದೆ ಸರ್. 15 ದಿನಕ್ಕೆ ಒಪ್ಪಿದರು. ನೋಟೀಸು ಎರಡು ತಿಂಗಳೇ ಇರಲಿ ಅಂದರು. ಬಣ್ಣದ ಮಿತಿಗೆ ಒಪ್ಪುತ್ತಿಲ್ಲ. "ಗೋಡೆ ಕೆಡಿಸಿದರೆ ನಾನೇನು ಮಾಡಲಿ" ಅಂತಾರೆ.

ವಕೀಲರು: ಅವರ ಮಾತಲ್ಲೂ ನ್ಯಾಯ ಇದೆ. ಹಾಗಾದರೆ "ನಿರ್ಧರಿಸುವ ಮೊತ್ತ" ತೆಗೆದು "ಬಿಲ್ ತೋರಿಸಿದ ನಿಜವಾದ ಖರ್ಚು, ಸಹಜ ಸವೆತ ಹೊರತುಪಡಿಸಿ" ಅಂತ ಹಾಕಲು ಕೇಳಿ. ಕೀಲಿ ತೆಗೆದುಕೊಳ್ಳುವ ದಿನ ಎಲ್ಲ ಗೋಡೆಗಳ ಫೋಟೋ ತೆಗೆದು ಮಾಲೀಕರ ವಾಟ್ಸಾಪ್‌ಗೆ ಕಳಿಸಿ.

ಸದಸ್ಯರು (ಬೀದರ್): ಸಹಜ ಸವೆತ ಯಾವುದು ಅಂತ ಯಾರು ಹೇಳಬೇಕು ಸರ್? ಮೊಳೆ ಹೊಡೆದರೆ?

ವಕೀಲರು: ಅಲ್ಲೇ ಜಗಳ ಹುಟ್ಟೋದು. ಬಣ್ಣ ಮಾಸಿದ್ದು ಸವೆತ. ಮೊಳೆ ತೂತಿಗೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಮೊಳೆ ಹೊಡೆಯಬಹುದಾ ಅನ್ನುವುದನ್ನೂ ಈಗಲೇ ಬರೆಸಿಬಿಡಿ ಮೇಡಂ.