ಮೇಂಟೆನೆನ್ಸ್ ಬಜೆಟ್: ಸೊನ್ನೆಯಿಂದ ಕಟ್ಟೋದಾ, ಹೋದ ವರ್ಷದ ಮೇಲೆ ಏರಿಸೋದಾ?

ಕೇಳಿದವರು: ನಮ್ಮ ಫ್ಯಾಕ್ಟರಿಯ ಮೇಂಟೆನೆನ್ಸ್ ವಿಭಾಗಕ್ಕೆ ಪ್ರತಿ ವರ್ಷ ಹಿಂದಿನ ಖರ್ಚಿನ ಮೇಲೆ 6% ಸೇರಿಸಿ ಬಜೆಟ್ ಕೊಡ್ತಾ ಇದ್ದೆವು. ಈ ಸಲ ಫೈನಾನ್ಸ್‌ನವರು ಝೀರೋ ಬೇಸ್ಡ್ ಮಾಡಿ, ಅಂದ್ರೆ ಹೋದ ವರ್ಷದ್ದು ಬಿಟ್ಟು ಪ್ರತಿ ಖರ್ಚನ್ನೂ ಸೊನ್ನೆಯಿಂದ ಲೆಕ್ಕ ಹಾಕಿ ಅಂತಿದ್ದಾರೆ. ಕೈಯಲ್ಲಿ ಆರು ವಾರ ಇದೆ. ನಿಜವಾಗಿ ಮಾಡಿದವರು ಅನುಭವ ಹೇಳ್ತೀರಾ?

ಮೇಂಟೆನೆನ್ಸ್ ಹೆಡ್ ಒಬ್ಬರು: ಮಾಡಿದ್ದೇನೆ. ಮೊದಲು ಹೋದ ವರ್ಷದ ಖರ್ಚನ್ನು ಬಿಡಿಸಿ ನೋಡಿ. ಒಟ್ಟು 100 ಅಂದುಕೊಳ್ಳೋಣ. ಅದರಲ್ಲಿ 9 ಒಂದು ಗೇರ್‌ಬಾಕ್ಸ್ ಮುರಿದಿದ್ದಕ್ಕೆ ಹೋಗಿತ್ತು. ಅದು ಪ್ರತಿ ವರ್ಷ ಬರೋ ಖರ್ಚಲ್ಲ. ಇನ್ನೊಂದು 4, ಓಡಿಸೋದನ್ನೇ ನಿಲ್ಲಿಸಿದ ಮೆಷಿನ್ನಿನ ಎಎಂಸಿಗೆ, ಅಂದ್ರೆ ವಾರ್ಷಿಕ ಮೇಂಟೆನೆನ್ಸ್ ಒಪ್ಪಂದಕ್ಕೆ ಹೋಗ್ತಾ ಇತ್ತು. ಎರಡನ್ನೂ ತೆಗೆದರೆ 87. ಬೆಲೆ ಏರಿಕೆ ಅಂತ 6% ಸೇರಿಸಿದರೆ 92 ಚಿಲ್ಲರೆ. ಮುಂದಿನ ವರ್ಷ ದೊಡ್ಡ ಪ್ರೆಸ್‌ನ ಹೈಡ್ರಾಲಿಕ್ ಓವರ್‌ಹಾಲ್ ಬರುತ್ತೆ, ಅದಕ್ಕೆ 8. ಎಲ್ಲ ಸೇರಿ 100ರ ಹತ್ತಿರ.

ಹಳೇ ದಾರಿಯಲ್ಲಿ ಹೋಗಿದ್ದರೆ 106 ಸಿಗ್ತಿತ್ತು. ಜಾಸ್ತಿ ಸಿಕ್ಕಿತಲ್ಲ ಅನಿಸಬಹುದು. ಆದರೆ ಆ 106ರಲ್ಲಿ ಪ್ರೆಸ್ ಓವರ್‌ಹಾಲ್ ಅನ್ನೋ ಸಾಲೇ ಇರಲ್ಲ. ಗೇರ್‌ಬಾಕ್ಸಿನ 9 ಮಾತ್ರ ಬ್ರೇಕ್‌ಡೌನ್ ಹೆಡ್ಡಿನಲ್ಲಿ ಹಾಗೇ ಕೂತಿರುತ್ತೆ, ಕೂತಿದ್ದರಿಂದಲೇ ಹೇಗೋ ಖರ್ಚೂ ಆಗುತ್ತೆ. ವರ್ಷದ ನಡುವೆ ಓವರ್‌ಹಾಲ್‌ಗೆ ಅಂತ ಹೋದರೆ "ನಿಮಗೆ ಆಗಲೇ ಕೊಟ್ಟಾಗಿದೆ" ಅಂತಾರೆ.

ಇನ್ನೊಂದು ಉದಾಹರಣೆ ಹತ್ತಿರದಿಂದ ತೋರಿಸ್ತೇನೆ. ನಮ್ಮ ಒಂದು ಸ್ಕ್ರೂ ಕಂಪ್ರೆಸರ್ ವರ್ಷಕ್ಕೆ ಸುಮಾರು 6,000 ಗಂಟೆ ಓಡುತ್ತೆ. ಅದರ ಮ್ಯಾನ್ಯುಯಲ್ ಪ್ರಕಾರ 4,000 ಗಂಟೆಗೊಮ್ಮೆ ಆಯಿಲ್ಲು, ಸೆಪರೇಟರ್ ಬದಲಿಸಬೇಕು. ವರ್ಷದ ಶುರುವಿನಲ್ಲಿ ಮೀಟರ್ 24,500 ಇತ್ತು, ಕೊನೆಗೆ 30,500. ಈ ಮಧ್ಯೆ ಬಂದಿದ್ದು 28,000 ಒಂದೇ. ಮುಂದಿನ ವರ್ಷ 36,500ರವರೆಗೆ ಹೋಗುತ್ತೆ, ಆಗ 32,000, 36,000 ಎರಡೂ ಬರುತ್ತವೆ. ಹೋದ ವರ್ಷದ ಖರ್ಚಿಗೆ 6% ಹಾಕಿದರೆ ಒಂದು ಪೂರ್ತಿ ಬದಲಾವಣೆಗೆ ದುಡ್ಡೇ ಇರಲ್ಲ. ಅದರ ಮುಂದಿನ ವರ್ಷ 40,000ಕ್ಕೆ ಬೇರಿಂಗ್ ಓವರ್‌ಹಾಲ್. ಅದನ್ನು ಫೈನಾನ್ಸ್‌ಗೆ ಈಗಲೇ ಹೇಳಿಡಬಹುದು. ಸೊನ್ನೆಯಿಂದ ಕಟ್ಟೋದು ಅಂದ್ರೆ ನನ್ನ ಮಟ್ಟಿಗೆ ಇಷ್ಟೇ: ಲೆಡ್ಜರ್ ಪಕ್ಕಕ್ಕಿಟ್ಟು ಅವರ್ ಮೀಟರ್ ಮುಂದೆ ಕೂರೋದು.

ಪ್ರೊಡಕ್ಷನ್ ಕಡೆಯವರು: ನಮ್ಮಲ್ಲೂ ಮಾಡಿದ್ರು. ಮೊದಲ ವರ್ಷವೇ ಮೇಂಟೆನೆನ್ಸ್ ಖರ್ಚು ಎದ್ದು ಕಾಣೋ ಹಾಗೆ ಇಳೀತು. ಪ್ರತಿ ಸಾಲಿಗೂ ಯಾಕೆ ಅಂತ ಕೇಳಿದರೆ ಅರ್ಧಕ್ಕರ್ಧ ಬೇಡದ್ದೇ ಇರುತ್ತೆ. ಅನುಮಾನ ಬಂದಿದ್ದನ್ನೆಲ್ಲ ತೆಗೆಯಿರಿ, ಬೇಕಾದರೆ ಆಮೇಲೆ ಕೇಳಬಹುದು.

ಮೇಂಟೆನೆನ್ಸ್ ಹೆಡ್ ಒಬ್ಬರು: ಪ್ರತಿ ಸಾಲಿಗೂ ಯಾಕೆ ಅಂತ ಕೇಳಬೇಕು ಅನ್ನೋದು ಸರಿ. ಇಳಿದಿದ್ದು ಉಳಿತಾಯವಾ, ಮುಂದೂಡಿಕೆಯಾ ಅಂತ ನೋಡಿದ್ರಾ ಸರ್? ಮೇಂಟೆನೆನ್ಸ್‌ನಲ್ಲಿ ಕಡಿತದ ಫಲ ಅದೇ ವರ್ಷ ಕಾಣಲ್ಲ. ಗ್ರೀಸ್ ಹಾಕೋದು ಬಿಟ್ಟ ಬೇರಿಂಗ್ ಈ ವರ್ಷ ಓಡಿಬಿಡುತ್ತೆ. ಪತ್ತೆ ಹಚ್ಚೋಕೆ ಎರಡು ನೋಡಿ. ಪಿಎಂ, ಅಂದ್ರೆ ಕೆಡೋ ಮೊದಲೇ ವೇಳಾಪಟ್ಟಿ ಪ್ರಕಾರ ಮಾಡೋ ಮೇಂಟೆನೆನ್ಸ್ ಕೆಲಸದಲ್ಲಿ ಎಷ್ಟು ಸಮಯಕ್ಕೆ ಮುಗೀತು, ಬಾಕಿ ವರ್ಕ್ ಆರ್ಡರ್‌ಗಳಲ್ಲಿ ಎಷ್ಟು ಗಂಟೆಯ ಕೆಲಸ ಉಳಿದಿದೆ. ಖರ್ಚು ಇಳಿದು ಬಾಕಿ ಗಂಟೆ ಏರಿದ್ದರೆ ಅದು ಸಾಲ.

ಅದಕ್ಕೇ ನಾನು ಪ್ರತಿ ಕೆಲಸದ ಪಕ್ಕ "ಇದನ್ನು ಬಿಟ್ಟರೆ ಏನಾಗುತ್ತೆ" ಅಂತ ಒಂದು ಸಾಲು ಬರೀತೇನೆ. "ಮೆಷಿನ್ ಕೆಡಬಹುದು" ಅಂತ ಬರೆದರೆ ಯಾರೂ ಕೇಳಲ್ಲ. "ಈ ಪಂಪ್ ನಿಂತರೆ ಎರಡನೇ ಲೈನ್ ನಿಲ್ಲುತ್ತೆ, ಬದಲಿ ಮೋಟಾರ್ ಬರೋಕೆ ಆರು ವಾರ" ಅಂತ ಬರೆದರೆ ಕೇಳ್ತಾರೆ. ಪ್ರೆಷರ್ ವೆಸೆಲ್, ಕ್ರೇನ್ ಇಂಥವುಗಳ ಕಾನೂನು ತಪಾಸಣೆಯನ್ನು ಈ ಪೈಪೋಟಿಗೇ ತರಬೇಡಿ. ಅದು ಪಟ್ಟಿಯ ಮೇಲೆ, ಚರ್ಚೆಯ ಹೊರಗೆ.

ಸ್ಟೋರ್ಸ್‌ನವರು: ಸ್ಪೇರ್ ಸ್ಟಾಕನ್ನೇ ಸೊನ್ನೆ ಮಾಡೋದು ದೊಡ್ಡ ತಪ್ಪು. ನಮ್ಮ ಸ್ಟೋರಲ್ಲಿ ಒಂದು ಸರ್ವೋ ಡ್ರೈವ್ ವರ್ಷಗಟ್ಟಲೆ ಸುಮ್ನೆ ಕೂತಿತ್ತು, ಎಲ್ಲರೂ ಮಾರಿ ಅಂತಿದ್ರು. ಹೋದ ವರ್ಷ ಅದೇ ಲೈನ್ ಉಳಿಸಿತು. ದಯವಿಟ್ಟು ಕ್ರಿಟಿಕಲ್ ಸ್ಪೇರ್‌ಗೆ ಕೈ ಹಾಕಬೇಡಿ.

ಅಕೌಂಟ್ಸ್‌ನಲ್ಲಿರುವವರು: ಇಲ್ಲಿ ಮಾತು ಸ್ಟಾಕ್ ಸೊನ್ನೆ ಮಾಡೋದರ ಬಗ್ಗೆ ಅಲ್ಲ ಸರ್. ಆದರೂ ನಿಮ್ಮ ಮಾತಲ್ಲಿ ಒಂದು ಮುಖ್ಯ ವಿಷಯ ಇದೆ. ಸ್ಪೇರ್ ಕೊಂಡಾಗ ಬಜೆಟ್ಟಿಗೆ ಬೀಳುತ್ತಾ, ಸ್ಟೋರಿಂದ ಇಶ್ಯೂ ಆದಾಗ ಬೀಳುತ್ತಾ ಅಂತ ಮೊದಲೇ ಫೈನಾನ್ಸ್ ಹತ್ತಿರ ಕೇಳಿಕೊಳ್ಳಿ. ಇಶ್ಯೂ ಲೆಕ್ಕ ಇರೋ ಕಡೆ, ಸ್ಟೋರಲ್ಲಿರೋ ಸೀಲ್ ಕಿಟ್ ಬಳಸಿದರೂ ನಿಮ್ಮ ಹೆಡ್ಡಿಗೆ ಖರ್ಚು ಬೀಳುತ್ತೆ. "ಹೇಗೂ ಸ್ಟಾಕ್ ಇದೆ" ಅಂತ ಬಿಟ್ಟುಬಿಟ್ಟರೆ ವರ್ಷದ ನಡುವೆ ಬಜೆಟ್ ಮೀರುತ್ತೆ. ಇನ್ನು ಆರು ವಾರದಲ್ಲಿ ಎಲ್ಲವನ್ನೂ ಸೊನ್ನೆಯಿಂದ ಕಟ್ಟೋದು ಕಷ್ಟ. ಮೂರರಲ್ಲಿ ಒಂದು ಭಾಗ ಈ ವರ್ಷ, ಉಳಿದದ್ದು ಮುಂದಿನ ಎರಡು ವರ್ಷ ಅಂತ ಸರದಿ ಮಾಡಿಕೊಳ್ಳಿ.

ಕೇಳಿದವರು: ಮೀಟರ್ ಲೆಕ್ಕ ಅರ್ಥವಾಯಿತು. ಆದರೆ ಬ್ರೇಕ್‌ಡೌನ್? ಯಾವ ಮೆಷಿನ್ ಯಾವಾಗ ಕೆಡುತ್ತೆ ಅಂತ ಸೊನ್ನೆಯಿಂದ ಹೇಗೆ ಬರೆಯೋದು?

ಮೇಂಟೆನೆನ್ಸ್ ಹೆಡ್ ಒಬ್ಬರು: ಬರೆಯೋಕೆ ಹೋಗಬೇಡಿ. ಅಲ್ಲಿ ಹಳೇ ಖರ್ಚೇ ಸರಿಯಾದ ಆಧಾರ. ಮೂರು ವರ್ಷದ ಬ್ರೇಕ್‌ಡೌನ್ ಖರ್ಚು ತೆಗೆದುಕೊಳ್ಳಿ, ಗೇರ್‌ಬಾಕ್ಸ್ ಥರದ ಅಪರೂಪದ್ದನ್ನು ಬೇರೆ ಇಡಿ, ಉಳಿದದ್ದರ ಸರಾಸರಿಗೆ ಬೆಲೆ ಏರಿಕೆ ಸೇರಿಸಿ. ಅಪರೂಪದ್ದಕ್ಕೆ ವಿಭಾಗದ ಬಜೆಟ್ ಹೊರಗೆ, ಪ್ಲಾಂಟ್ ಮಟ್ಟದಲ್ಲಿ ಒಂದು ಮೀಸಲು ಕೇಳಿ. ಗ್ರೀಸ್, ವೇಸ್ಟ್ ಬಟ್ಟೆ, ಸಣ್ಣ ನಟ್ಟು ಬೋಲ್ಟಿಗೂ ಹಳೇ ದಾರಿಯೇ ಸಾಕು, ಅದಕ್ಕೆ ಒಂದು ದಿನ ಕೊಡೋದೂ ದಂಡ. ಆರು ವಾರವನ್ನು ಎಎಂಸಿ, ಓವರ್‌ಹಾಲ್, ಪಿಎಂ ಸ್ಪೇರ್ ಈ ಮೂರಕ್ಕೇ ಇಡಿ.

ಸರದಿಯ ಮಾತಿಗೆ ನನ್ನ ತಕರಾರಿದೆ. ಎಎಂಸಿ ಈ ವರ್ಷ, ಸ್ಪೇರ್ ಮುಂದಿನ ವರ್ಷ ಅಂತ ಹೆಡ್ ಪ್ರಕಾರ ಹಂಚಿದರೆ, ಬಿಗಿ ಮಾಡಿದ ಹೆಡ್ಡಿನ ಖರ್ಚು ಬಿಗಿ ಮಾಡದ ಹೆಡ್ಡಿಗೆ ಜಾರುತ್ತೆ. ಎಎಂಸಿ ಕಡಿತವಾದ ಮೆಷಿನ್ನಿಗೆ ಬಿಡಿ ಕರೆಯ ಬಿಲ್ಲು ರಿಪೇರಿ ಹೆಡ್ಡಲ್ಲಿ ಬರುತ್ತೆ. ಮಾಡೋದಾದರೆ ಲೈನ್ ಪ್ರಕಾರ ಸರದಿ ಮಾಡಿ.

ಅಕೌಂಟ್ಸ್‌ನಲ್ಲಿರುವವರು: ಲೈನ್ ಪ್ರಕಾರ ಒಳ್ಳೇದೇ. ಆದರೆ ಕಂಪ್ರೆಸರ್, ಕೂಲಿಂಗ್ ಟವರ್ ಎಲ್ಲ ಲೈನಿಗೂ ಸೇರಿದ್ದು, ಅದನ್ನು ಯಾವ ಲೈನಿಗೆ ಹಾಕ್ತೀರಿ? ನಮ್ಮಲ್ಲಿ ಆ ಜಗಳ ಇನ್ನೂ ಮುಗಿದಿಲ್ಲ.

ಮೇಂಟೆನೆನ್ಸ್ ಹೆಡ್ ಒಬ್ಬರು: ನಾನು ಯುಟಿಲಿಟಿಯನ್ನೇ ಬೇರೆ ಲೈನ್ ಅಂತ ಇಟ್ಟಿದ್ದೇನೆ. ಅದನ್ನು ಪ್ರತಿ ವರ್ಷವೂ ಸೊನ್ನೆಯಿಂದ ಕಟ್ಟುತ್ತೇನೆ. ಮೆಷಿನ್ ಕಡಿಮೆ, ಮೀಟರ್ ಎಲ್ಲದಕ್ಕೂ ಇದೆ. ಪ್ರೊಡಕ್ಷನ್ ಮೆಷಿನ್‌ಗಳಿಗೆ ಅವರ್ ಮೀಟರ್ ಇಲ್ಲದ ಕಡೆ ಮಾತ್ರ ನಮಗೂ ಇನ್ನೂ ಅಂದಾಜೇ.

ಕೇಳಿದವರು: ನಮ್ಮಲ್ಲಿ ಅರ್ಧ ಮೆಷಿನ್‌ಗೆ ಮೀಟರ್ ಇಲ್ಲ. ಶಿಫ್ಟ್ ಲಾಗ್ ಪುಸ್ತಕದಿಂದ ಓಡಿದ ಗಂಟೆ ತೆಗೆಯೋಕೆ ಇವತ್ತಿಂದಲೇ ಒಬ್ಬರನ್ನು ಕೂರಿಸ್ತೇನೆ.